ನಾಲ್ಕನೆಯ ಸಾಲು ಯಾರದು

ವಿಚಾರಣೆಯ ಕೋಣೆಯಲ್ಲಿ ತಕ್ಷಣ ಎದ್ದು ನಿಂತು ನಿಜ ಹೇಳಿದೆ ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ಈಗ ನಂಬಿಕೆಯಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ತರ್ಕಶಾಸ್ತ್ರದಲ್ಲಿ ಎಂ.ಎ. ಮಾಡಿ, ಪಾಠ ಹೇಳುವ ಕೆಲಸ ಸಿಗದೆ, ಮರಾಠಿ ಸೀಮೆಯ ನಿಗಡಿಯ ಹತ್ತಿರ ಉಕ್ಕಿನ ಕಪಾಟು ತಯಾರಿಸುವ ಸಣ್ಣ ಕಾರ್ಖಾನೆಯ ಸಿಬ್ಬಂದಿ ವಿಭಾಗ ಸೇರಿದ್ದೆ. ಕೆಲಸಗಾರರಲ್ಲಿ ಅರ್ಧದಷ್ಟು ಜನ ಗುಲ್ಬರ್ಗಾ, ರಾಯಚೂರು ಕಡೆಯವರು. ಆದ್ದರಿಂದ ಪ್ರತಿ ಯಂತ್ರದ ಪಕ್ಕ ಮರಾಠಿಯ ಜೊತೆಗೆ ಕನ್ನಡದಲ್ಲೂ ಕೆಲಸದ ಪಟ್ಟಿ ಅಂಟಿಸುತ್ತಿದ್ದರು. ಕನ್ನಡದ್ದು ನನ್ನ ಪಾಲು.

ಕಂಪ್ರೆಸರ್ ನೋಡಿಕೊಳ್ಳುವವನ ಪಟ್ಟಿಗೆ ನಾನು ಬರೆದ ತಲೆಸಾಲು ಹೀಗಿತ್ತು: ‘ಅಟೆಂಡೆಂಟನು ಪ್ರತಿ ಪಾಳಿಯಲ್ಲಿ ತಪ್ಪದೆ’. ಕೆಳಗೆ, ಒಂದು: ಎಣ್ಣೆಯ ಮಟ್ಟ ನೋಡಬೇಕು. ಎರಡು: ಬೆಲ್ಟಿನ ಬಿಗಿ ಪರೀಕ್ಷಿಸಬೇಕು. ಮೂರು: ಗೇಜಿನ ಅಂಕಿ ಪುಸ್ತಕದಲ್ಲಿ ಬರೆಯಬೇಕು. ನಾಲ್ಕು: ಟ್ಯಾಂಕಿನ ತಳದಲ್ಲಿ ನೀರು ಇರಕೂಡದು.

ಕಂಪ್ರೆಸರ್ ಟ್ಯಾಂಕಿಗೆ ಗಾಳಿಯನ್ನು ಒತ್ತಿ ತುಂಬಿದಾಗ ಗಾಳಿಯ ತೇವ ತಳಕ್ಕೆ ಇಳಿದು ನೀರಾಗುತ್ತದೆ. ದಿನವೂ ಕೆಳಗಿನ ನಲ್ಲಿ ತೆರೆದು ಅದನ್ನು ಬಿಡದಿದ್ದರೆ, ನೀರು ಗಾಳಿಯ ಜೊತೆ ಪೈಪಿಗೆ ಹೋಗಿ, ಸ್ಪ್ರೇ ಗನ್ನಿನಿಂದ ಬಣ್ಣದ ಮೇಲೆ ಬೀಳುತ್ತದೆ. ಮಳೆಗಾಲದಲ್ಲಿ ಹಾಗೆಯೇ ಆಯಿತು. ಒಂದು ಲಾರಿಯಷ್ಟು ಕಪಾಟುಗಳ ಮೈತುಂಬ ಬೊಕ್ಕೆ ಎದ್ದವು. ಕೆಲಸದಲ್ಲಿ ನಿರ್ಲಕ್ಷ್ಯ ಎಂದು ಅಟೆಂಡೆಂಟನ ಮೇಲೆ ವಿಚಾರಣೆ ಕೂತಿತು. ಆರೋಪ ಸಾಬೀತಾದರೆ ನೌಕರಿ ಹೋಗುತ್ತಿತ್ತು.

ಅವನು ನಾಲ್ಕನೇ ಇಯತ್ತೆ ಓದಿದವ, ನನಗಿಂತ ಹತ್ತು ವರ್ಷ ದೊಡ್ಡವ. ವಿಚಾರಣೆ ನಡೆಸಿದ ಮರಾಠಿ ಅಧಿಕಾರಿಗೆ ಅವನ ಮಾತನ್ನು ನಾನೇ ಅನುವಾದಿಸಬೇಕಿತ್ತು. ಧಾರವಾಡ ಕಡೆಯ ಫೋರ್‌ಮನ್ ಆರೋಪ ಹೊರಿಸಿದವರು.

“ಪಟ್ಟಿ ಓದಿಯೇನೋ ಇಲ್ಲೋ?” ಎಂದರು ಫೋರ್‌ಮನ್.

“ದಿನಾ ಓದ್ತೀನ್ರಿ. ಮ್ಯಾಲಿನ ಸಾಲಿನ ಮ್ಯಾಲ ಬೆರಳಿಟ್ಟು, ಒಂದೊಂದಕ್ಕೂ ಅದನ್ನ ಹಚ್ಚಿ ಓದ್ತೀನಿ. ಅಟೆಂಡೆಂಟನು ತಪ್ಪದೆ ಎಣ್ಣಿ ನೋಡಬೇಕು, ಖರೆ. ಬೆಲ್ಟ್ ನೋಡಬೇಕು, ಖರೆ. ಅಂಕಿ ಬರಿಬೇಕು, ಅದೂ ಖರೆ. ನಾಕನೇದಕ್ಕ ಹಚ್ಚಿ ನೋಡ್ರಿ. ‘ಅಟೆಂಡೆಂಟನು ತಪ್ಪದೆ ಟ್ಯಾಂಕಿನ ತಳದಾಗ ನೀರು ಇರಕೂಡದು.’ ಹತ್ತೂದಿಲ್ಲ, ಕೂಡೂದಿಲ್ಲ. ನಾ ಏನ್ ನೀರೇನ್ರಿ, ತಳದಾಗ ಕುಂದ್ರಾಕ?”

“ಪಂಡಿತ ಹುಟ್ಟ್ಯಾನ ನೋಡ್ರಿ! ಹತ್ತಲಿಲ್ಲಂದ್ರ ಬಂದು ಕೇಳಬಾರದೇನು?”

“ಕೇಳೂದೇನ್ರಿ? ಮೊದಲಿನ ಕಾರ್ಖಾನಿಯೊಳಗ ಆ ನಲ್ಲಿ ಫಿಟರ್ ಬಿಟ್ಟು ಬ್ಯಾರೆ ಯಾರೂ ಮುಟ್ಟಂಗಿಲ್ಲ. ಇದೂ ಅವರದೇ ಅಂದ್ಕೊಂಡೆ. ನಂದು ಅಂತ ಬರೆದಿದ್ರ ಮಾಡ್ತಿದ್ದೆ. ಉಳಿದ ಮೂರು ಒಂದಿನ ಬಿಟ್ಟೀನೇನ್ರಿ?”

ಬಿಟ್ಟಿರಲಿಲ್ಲ. ಗೇಜಿನ ಪುಸ್ತಕ ಮೇಜಿನ ಮೇಲೆಯೇ ಇತ್ತು.

ಪಟ್ಟಿ ನನ್ನ ಕೈಯಲ್ಲಿತ್ತು. ಮೊದಲ ಮೂರು ಕೆಲಸಗಳನ್ನು ಇವನಿಗಿಂತ ಮೊದಲಿದ್ದ ಅಟೆಂಡೆಂಟನನ್ನು ಕೇಳಿ ಬರೆದುಕೊಂಡಿದ್ದೆ. ನಾಲ್ಕನೆಯದನ್ನು ಯಂತ್ರದ ಜೊತೆ ಬಂದ ಪುಸ್ತಕದಿಂದ ಎತ್ತಿದ್ದೆ. ಪುಸ್ತಕ ಟ್ಯಾಂಕಿನ ಸ್ಥಿತಿ ಹೇಗಿರಬೇಕೆಂದು ಹೇಳಿತ್ತು; ಹಾಗಿಡಲು ಯಾರು ಏನು ಮಾಡಬೇಕೆಂದು ಹೇಳುವುದು ನನ್ನ ಕೆಲಸವಾಗಿತ್ತು. ಮೂರು ಸಾಲು ತಲೆಸಾಲಿಗೆ ಕೂಡಿ ಪೂರ್ಣ ವಾಕ್ಯವಾಗುತ್ತಿದ್ದವು, ನಾಲ್ಕನೆಯದಕ್ಕೆ ತನ್ನದೇ ಬೇರೆ ಕರ್ತೃವಿತ್ತು. ತರ್ಕ ಓದಿದ ನಾನು ಒಮ್ಮೆಯೂ ಜೋರಾಗಿ ಓದಿ ನೋಡಿರಲಿಲ್ಲ.

ಅಧಿಕಾರಿ ಮರಾಠಿಯಲ್ಲಿ, “ಅವನು ಏನೆನ್ನುತ್ತಾನೆ?” ಎಂದರು. ತಪ್ಪು ಪಟ್ಟಿಯದು, ಬರೆದವನು ನಾನು ಎಂದು ಆಗಲೇ ಹೇಳಿದೆ ಎಂಬುದು ನನ್ನ ನೆನಪು. ಆದರೆ ಮುಂದೆ ಆ ನೌಕರಿ ಬಿಡುವಾಗ ವಿಚಾರಣೆಯ ನಡಾವಳಿ ಓದಿದೆ. ನನ್ನ ಹೇಳಿಕೆ ‘ಚಹಾದ ಬಿಡುವಿನ ನಂತರ’ ದಾಖಲಾಗಿತ್ತು. ಅದಕ್ಕೆ ಮೊದಲು ಒಂದೇ ಸಾಲು: ‘ತನಗೆ ತಿಳಿಯಲಿಲ್ಲ ಎಂದು ಕೆಲಸಗಾರ ಹೇಳುತ್ತಾನೆ.’ ಅವನು ಹೇಳಿದ್ದನ್ನು ನಾನು ಅಷ್ಟಕ್ಕೆ ಇಳಿಸಿದ್ದೆನೇ? ಚಹಾ ಕುಡಿಯುತ್ತ ಏನು ಯೋಚಿಸಿದೆ? ಅವನು ಎದುರಿನ ಬೆಂಚಿನಲ್ಲಿ ಚಹಾದ ಕಪ್ ಮುಟ್ಟದೆ ಕೂತಿದ್ದ ಚಿತ್ರವೊಂದು ಕಣ್ಣ ಮುಂದಿದೆ. ಅದೂ ನಡಾವಳಿ ಓದಿದ ಮೇಲೆ ನಾನೇ ಕಟ್ಟಿಕೊಂಡದ್ದಿರಬಹುದು.

ಅವನ ನೌಕರಿ ಉಳಿಯಿತು. ನನಗೆ ಎಚ್ಚರಿಕೆಯ ಪತ್ರ ಸಿಕ್ಕಿತು; ಅದು ಈಗಲೂ ನನ್ನ ಬಳಿ ಇದೆ, ಆದ್ದರಿಂದ ಅಷ್ಟು ಖಚಿತ.

ಕಂಪ್ರೆಸರ್ ಪಕ್ಕ ಹೊಸ ಪಟ್ಟಿಯನ್ನು ಅಂಟಿಸುವ ಮೊದಲು ಅವನ ಕೈಗೆ ಕೊಟ್ಟೆ. ಅವನು ತಲೆಸಾಲಿನ ಮೇಲೆ ಬೆರಳಿಟ್ಟು ಒಂದೊಂದನ್ನೇ ಹಚ್ಚಿ ಓದಿದ. ನಾಲ್ಕಕ್ಕೆ ಬಂದಾಗ ನನ್ನ ಮುಖ ನೋಡಿ, ಮತ್ತೆ ತಲೆಸಾಲಿನಿಂದ ಓದಿದ: “ಅಟೆಂಡೆಂಟನು ಪ್ರತಿ ಪಾಳಿಯಲ್ಲಿ ತಪ್ಪದೆ... ಟ್ಯಾಂಕಿನ ತಳದ ನಲ್ಲಿ ತೆರೆದು ನೀರು ಹೊರಬಿಡಬೇಕು.”

“ಈಗ ಹತ್ತಿತ್ರಿ,” ಎಂದ. ಪಟ್ಟಿಯನ್ನು ನನ್ನ ಕೈಗೇ ಕೊಟ್ಟು, ಬಗ್ಗಿ ನಲ್ಲಿ ತಿರುಗಿಸಿದ.