ಹಲ್ಲುಪುಡಿಯ ಕಾರ್ಡು

ನ್ಯಾಮತಿಯ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಕಿರಾಣಿ ಅಂಗಡಿಯ ಬೋರ್ಡಿನ ಮೇಲೆ ಜಂಪಣ್ಣನ ಹೆಸರಿತ್ತು. ಹೆಸರು ಅಷ್ಟೇ. ಜಂಪಣ್ಣ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತು ಹೋಗಿಬರುವವರ ಹತ್ತಿರ ರಾಜಕೀಯ ಮಾತಾಡುತ್ತಿದ್ದ. ಅಂಗಡಿ ನಡೆಸುತ್ತಿದ್ದವಳು ಅವನ ಹೆಂಡತಿ ಶಂಕ್ರಮ್ಮ. ಏಳನೇ ಕ್ಲಾಸು ಪಾಸಾದವಳು, ನಲವತ್ತೈದರ ಆಸುಪಾಸು, ಮೂಗಿನ ಮೇಲೇ ಸಿಟ್ಟು. ಬನ್ನು ಹಿಚುಕಿ ನೋಡಿದವರ ಕೈಮೇಲೆ ಹೊಡೆದಿದ್ದನ್ನು ನಾನೇ ಕಂಡಿದ್ದೇನೆ. ಆದರೂ ಜನ ಅವಳಲ್ಲಿಗೇ ಹೋಗುತ್ತಿದ್ದರು, ಯಾಕೆಂದರೆ ತೂಕದಲ್ಲಿ ಅವಳು ಯಾರಿಗೂ ಮೋಸ ಮಾಡಿದವಳಲ್ಲ.

ಆಗ ಎಂಬತ್ತೈದನೆಯ ಇಸವಿ. ನಾನು ಹೊನ್ನಾಳಿಯ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಕಾಂ. ಹುಡುಗರಿಗೆ ಮಾರ್ಕೆಟಿಂಗ್ ಪಾಠ ಮಾಡುತ್ತಿದ್ದೆ. ತಾತ್ಕಾಲಿಕ ಕೆಲಸ, ಪ್ರತಿ ಜೂನ್ ತಿಂಗಳಲ್ಲಿ ಹೊಸ ಆದೇಶ ಬರಬೇಕು. ಮನೆ ನ್ಯಾಮತಿಯಲ್ಲಿ, ದಿನಾ ಬಸ್ಸಿನ ಓಡಾಟ.

ಮೊದಲ ಟೆಸ್ಟಿನಲ್ಲಿ 'ಅನುಕೂಲ ಸರಕು ಎಂದರೇನು, ಉದಾಹರಣೆ ಕೊಡಿ' ಎಂದು ಕೇಳಿದ್ದೆ. ಯೋಚನೆ ಮಾಡದೆ, ಹತ್ತಿರ ಸಿಕ್ಕಲ್ಲಿ, ಪದೇಪದೇ ಕೊಳ್ಳುವ ವಸ್ತು ಅಂದರೆ ಮುಗಿಯಿತು. ನಮ್ಮ ಬೀದಿಯವನೇ ಆದ ಹಾಲಸ್ವಾಮಿ ಎಂಬ ಹುಡುಗ 'ಅಮೆರಿಕದ ಔಷಧಿ ಅಂಗಡಿಯಲ್ಲಿ ಮಾರುವ ಚೂಯಿಂಗ್ ಗಮ್' ಎಂದು ಬರೆದಿದ್ದ. ಪುಸ್ತಕದಲ್ಲಿ ಹಾಗೇ ಇತ್ತು. ಅವನ ಅಂಗಿಯ ಜೇಬಿನಲ್ಲಿ ಆಗ ದಿನಾ ಕೊಳ್ಳುವ ಬೆಂಕಿಪೊಟ್ಟಣವೇ ಇತ್ತು, ನನಗೆ ಗೊತ್ತು. ನನ್ನ ಮೈ ಉರಿದುಹೋಯಿತು. ಹುಡುಗನ ಮೇಲಲ್ಲ, ಪುಸ್ತಕ ಬರೆದವರ ಮೇಲೆ, ಅದನ್ನೇ ಗಿಳಿಪಾಠ ಮಾಡಿಸುತ್ತಿದ್ದ ನನ್ನ ಮೇಲೆ.

ಹಾಗಾಗಿ ಕಾರ್ಡು ಮಾಡಲು ಕೂತೆ. ಒಂದು ಮಗ್ಗುಲಲ್ಲಿ ಶಬ್ದ, ಇನ್ನೊಂದು ಮಗ್ಗುಲಲ್ಲಿ ಎರಡು ಸಾಲಿನ ಅರ್ಥ ಮತ್ತು ನಮ್ಮ ಕಡೆ ದಿನಾ ಕಾಣುವ ಒಂದು ಸಾಮಾನು. ಇಬ್ಬರು ಹುಡುಗರು ಎದುರುಬದುರು ಕೂತು, ಒಬ್ಬ ಶಬ್ದ ತೋರಿಸಿದರೆ ಇನ್ನೊಬ್ಬ ಉಳಿದದ್ದನ್ನು ಹೇಳಬೇಕು. ರಟ್ಟಿಗೆ ಶಂಕ್ರಮ್ಮನಲ್ಲಿಗೆ ಹೋದೆ. ಸೋಪಿನ ಖಾಲಿ ಪೆಟ್ಟಿಗೆಗಳನ್ನು ಕೊಟ್ಟಳು. ಯಾತಕ್ಕೆ ಎಂದು ಕೇಳಿದಳು, ಹೇಳಿದೆ. ಅಷ್ಟಕ್ಕೇ ಬಿಡಲಿಲ್ಲ.

"ಓದ್ರಿ ನೋಡಾನ, ಅದೇನೇನು ಶಬ್ದ ಐತೆ," ಎಂದಳು.

ಬ್ರ್ಯಾಂಡ್ ನಿಷ್ಠೆ ಎಂದೆ. ಒಂದೇ ಗುರುತಿನ ಸಾಮಾನನ್ನು ಬಿಡದೆ ಕೊಳ್ಳುವುದು ಎಂದು ವಿವರಿಸಿದೆ.

"ನಮ್ ಜುಂಜಪ್ಪನ್ನ ಹಾಕ್ರಿ. ಕೆಂಪು ಸೋಪು ಇಲ್ಲ, ಬೇರೇದು ಒಯ್ಯಿ ಅಂದ್ರೆ ಸ್ನಾನಾನೇ ಬೇಡ ಅಂತ ಹೋಗ್ತಾನೆ."

ಸಣ್ಣ ಪೊಟ್ಟಣ ಮಾಡಿ ಬೇರೆ ಗುಂಪಿನ ಗಿರಾಕಿಗಳನ್ನು ಮುಟ್ಟುವುದು ಎಂದೆ. ಅವಳಿಗೆ ಸಿಟ್ಟು ಬಂತು. "ಇದನ್ನ ಕಂಪನಿಯೋರು ಕಂಡುಹಿಡಿದ್ರೇನು? ಕೂಲಿ ಮಾಡೋರಿಗೆ ಸಂಜೆ ಕೈಗೆ ಕಾಸು ಬರೋದು. ಅವತ್ತಿಂದವತ್ತಿಗೆ ಕಾಫಿಪುಡಿ ಒಯ್ತಾರೆ. ನಮ್ಮತ್ತೆ ಕಾಲದಿಂದ ಪೇಪರ್‌ನಾಗೆ ಕಟ್ಟಿ ಕೊಡ್ತಿದೀವಿ!" ಅದನ್ನೂ ಬರೆದುಕೊಂಡೆ. ಸೀರೆ ಕೊಳ್ಳಲು ನಾಲ್ಕು ಅಂಗಡಿ ಹತ್ತಿಳಿಯುವುದು 'ಶಾಪಿಂಗ್ ಸರಕು', ಅಂದರೆ ಹೋಲಿಸಿ ನೋಡಿ ಕೊಳ್ಳುವ ವಸ್ತುವಿನ ಕಾರ್ಡಿಗೆ ಬಂತು. ಅರವತ್ತು ಕಾರ್ಡಿನಲ್ಲಿ ನಲವತ್ತಕ್ಕೆ ಉದಾಹರಣೆ ಅವಳದೇ.

ಕೊನೆಕೊನೆಗೆ 'ಜೋಡಿ ಮಾರಾಟ' ಬಂತು. ಅರ್ಥ ಓದಿದೆ: ಒಂದು ಸಾಮಾನು ಬೇಕಾದರೆ ಬೇಡದ ಇನ್ನೊಂದನ್ನೂ ಕೊಳ್ಳಲೇಬೇಕೆಂದು ಷರತ್ತು ಹಾಕುವುದು, ಅರವತ್ತೊಂಬತ್ತನೆಯ ಇಸವಿಯ ಏಕಸ್ವಾಮ್ಯ ತಡೆ ಕಾನೂನಿನ ಪ್ರಕಾರ ಇದು ನಿರ್ಬಂಧಕ ವ್ಯಾಪಾರ ಪದ್ಧತಿ, ದೂರು ಹೋದರೆ ಇದಕ್ಕೆಂದೇ ದೆಹಲಿಯಲ್ಲಿರುವ ಆಯೋಗ ಇದನ್ನು ನಿಲ್ಲಿಸಬಹುದು.

ಶಂಕ್ರಮ್ಮ ಕಡ್ಲೆ ತೂಗುತ್ತಿದ್ದಳು. ತಕ್ಕಡಿ ಕೆಳಗಿಟ್ಟಳು.

"ಇನ್ನೊಂದ್ಸಲ ಓದ್ರಿ."

ಓದಿದೆ.

"ಇದಕ್ಕೊಂದು ಹೆಸರು ಬೇರೆ ಐತೇನ್ರಿ ಮೇಷ್ಟ್ರೆ? ನಾನು ಇದು ವ್ಯಾಪಾರದ ರೂಢಿ ಅನ್ಕಂಡಿದ್ದೆ."

ಹಿಂದಿನ ಕಪಾಟು ತೆಗೆದು ತೋರಿಸಿದಳು. ಮೇಲಿಂದ ಕೆಳತನಕ 'ಶುಭ್ರ' ಹಲ್ಲುಪುಡಿಯ ಡಬ್ಬಗಳು, ಒಳಗಿನ ಪುಡಿ ಗಂಟುಕಟ್ಟಿ ಕಲ್ಲಾಗಿತ್ತು. ಸುತ್ತಮುತ್ತಲಿಗೆ ಮಕ್ಕಳ ಹಾಲಿನ ಪುಡಿ ಒದಗಿಸುತ್ತಿದ್ದವನು ಹೊನ್ನಾಳಿಯ ಸಗಟು ವ್ಯಾಪಾರಿ ಮಹೇಶ್ವರಪ್ಪ ಒಬ್ಬನೇ. ಆ ಪುಡಿಗೆ ಆಗ ಯಾವಾಗಲೂ ಅಭಾವ. ಒಂದು ಡಬ್ಬ ಹಾಲಿನ ಪುಡಿ ಬೇಕೆಂದರೆ ಅವನ ಭಾಮೈದ ತಯಾರಿಸುವ ಹಲ್ಲುಪುಡಿ ಎರಡು ಡಬ್ಬ ತಗೊಳ್ಳಬೇಕು. ಉಳಿದ ಅಂಗಡಿಯವರು ಆ ಹೊರೆಯನ್ನು ಹಾಗೇ ತಾಯಂದಿರ ತಲೆಗೆ ದಾಟಿಸುತ್ತಿದ್ದರು. ಶಂಕ್ರಮ್ಮ ದಾಟಿಸಲಿಲ್ಲ. "ಕೂಸಿಗೆ ಹಾಲು ಕೇಳಾಕೆ ಬಂದೋಳಿಗೆ ಹಲ್ಲುಪುಡಿ ಒಯ್ಯಿ ಅಂತ ಯಾವ ಬಾಯಾಗೆ ಹೇಳ್ಲಿ?" ಎಂದಳು. ಅದಕ್ಕೇ ಕಪಾಟು ತುಂಬಿತ್ತು.

"ಬರ್ಕಳ್ರಿ. ಹಲ್ಲುಪುಡಿ ಹೆಸರೂ ಬರೀರಿ. ನಂದೂ ಬರೀರಿ. ನಾನೇನು ಸುಳ್ಳು ಹೇಳ್ತಿದೀನೇನು?"

ಬರೆದೆ. 'ಉದಾಹರಣೆ: ಹಾಲಿನ ಪುಡಿಯ ಜೊತೆ ಶುಭ್ರ ಹಲ್ಲುಪುಡಿ, ನ್ಯಾಮತಿಯ ಶಂಕ್ರಮ್ಮ ಕಂಡಂತೆ.' ಮಹೇಶ್ವರಪ್ಪನ ಹೆಸರು ಎಲ್ಲೂ ಬರೆಯಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಹೊನ್ನಾಳಿಯಲ್ಲಿ ಅದು ಯಾರಿಗೆ ಗೊತ್ತಿಲ್ಲ?

ಹುಡುಗರು ಕಾರ್ಡುಗಳನ್ನು ಕೈಬರಹದಲ್ಲಿ ನಕಲು ಮಾಡಿಕೊಂಡರು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ತುಂಗಭದ್ರೆಯ ಸೇತುವೆ ಮೇಲೆ ಗಟ್ಟಿಯಾಗಿ ಪ್ರಶ್ನೆ ಕೇಳಿಕೊಳ್ಳುತ್ತಿದ್ದರು. "ಜೋಡಿ ಮಾರಾಟ?" ಎಂದು ಒಬ್ಬ ಕೇಳಿದರೆ "ಶುಭ್ರ ಹಲ್ಲುಪುಡಿ!" ಎಂದು ಹತ್ತು ಜನ ಕೂಗುತ್ತಿದ್ದರು. ಮಹೇಶ್ವರಪ್ಪನ ಕಿವಿಗೆ ಅದು ಬೀಳಲು ಎಂಟು ದಿನವೂ ಬೇಕಾಗಲಿಲ್ಲ. ಆತ ನಮ್ಮ ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದ.

ಪ್ರಿನ್ಸಿಪಾಲರು ಕರೆಸಿದರು. "ನಾಗೇಂದ್ರಪ್ಪ, ಅದೊಂದು ಕಾರ್ಡು ತೆಗೆದುಬಿಡ್ರಿ. ಪುಸ್ತಕದಾಗೆ ಇರೋ ಉದಾಹರಣೇನೇ ಹಾಕ್ರಿ. ಜೂನ್ ಬರ್ತೈತೆ, ನೆನಪಿರ್ಲಿ."

ನಾನು ತೆಗೆದೆ. ಈ ಮಾತನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಜಗಳ ಮಾಡಲಿಲ್ಲ, ಒಂದು ದಿನ ಯೋಚಿಸಲೂ ಇಲ್ಲ. ಹುಡುಗರ ನಕಲುಗಳನ್ನೆಲ್ಲ ಕೇಳಿ ಪಡೆದು ಹರಿದುಹಾಕಿದೆ. ಹೊಸ ಕಾರ್ಡಿನಲ್ಲಿ ಬರೆಸಿದೆ: 'ವಿದೇಶದಲ್ಲಿ ಲೆಕ್ಕದ ಯಂತ್ರ ಪಡೆದವರು ಅದಕ್ಕೆ ಹಾಕುವ ತೂತಿನ ಕಾರ್ಡುಗಳನ್ನೂ ಅದೇ ಕಂಪನಿಯಿಂದಲೇ ಕೊಳ್ಳಬೇಕಾಗಿದ್ದುದು.' ತಪ್ಪಲ್ಲ, ಸರಿಯಾದ ಉದಾಹರಣೆಯೇ. ಆ ಯಂತ್ರವನ್ನು ಹುಡುಗರಾಗಲಿ, ನಾನಾಗಲಿ, ಪ್ರಿನ್ಸಿಪಾಲರಾಗಲಿ ಕಣ್ಣಿಂದ ಕಂಡಿರಲಿಲ್ಲ, ಅಷ್ಟೇ.

ಇತ್ತ ನ್ಯಾಮತಿಯಲ್ಲಿ ಮಹೇಶ್ವರಪ್ಪನ ವ್ಯಾನು ಬಂದಿತ್ತು. 'ನಾನು ಹೇಳಿದ್ದು ಸುಳ್ಳು' ಎಂದು ನೀನೇ ಮೇಷ್ಟ್ರಿಗೆ ತಿಳಿಸು, ಇಲ್ಲದಿದ್ದರೆ ನಿನಗೆ ಹಾಲಿನ ಪುಡಿ ಬಂದ್ ಎಂದು ವ್ಯಾನಿನವನು ಶಂಕ್ರಮ್ಮನಿಗೆ ಹೇಳಿದನಂತೆ. ಆ ವಾರದ ಹಲ್ಲುಪುಡಿಯ ಪೆಟ್ಟಿಗೆಯನ್ನು ಅವಳು ರಸ್ತೆಗೆ ಎಸೆದಳಂತೆ. "ಮೇಷ್ಟ್ರು ಬರ್ದು ಇಟ್ಟಾರೆ. ಕಾಲೇಜಿನಾಗೇ ಓದ್ತಾರೆ. ನಿಮ್ ಧಣಿಗೆ ಅಲ್ಲೇ ಹೋಗಿ ಕೇಳು ಅನ್ನು!" ಎಂದಳಂತೆ. ಇದನ್ನೆಲ್ಲ ಆಮೇಲೆ ಜಂಪಣ್ಣ ನನಗೆ ಹೇಳಿದ. ನಾನೋ ಕಾರ್ಡು ತೆಗೆದ ಮೇಲಿನ ಮೂರು ವಾರ ಬಸ್ಸಿಳಿದವನು ಅಂಗಡಿಯ ಕಡೆ ತಲೆ ಎತ್ತದೆ ಹಿಂದಿನ ಸಂದಿಯಿಂದ ಮನೆಗೆ ಹೋಗುತ್ತಿದ್ದೆ.

ಹಾಲಿನ ಪುಡಿ ಬರುವುದು ನಿಂತಮೇಲೆ ಶಂಕ್ರಮ್ಮ ಸೋಮವಾರ ಸೋಮವಾರ ಶಿವಮೊಗ್ಗದ ಬಸ್ಸು ಹತ್ತಿ, ಅಲ್ಲಿನ ಅಂಗಡಿಗಳಲ್ಲಿ ಚಿಲ್ಲರೆಯಾಗಿ ಸಿಕ್ಕಷ್ಟು ಡಬ್ಬ ತಂದು, ತಂದ ಬೆಲೆಗೇ ಮಾರುತ್ತಿದ್ದಳು. ಅವು ಎರಡು ದಿನಕ್ಕೆ ಮುಗಿಯುತ್ತಿದ್ದವು.

ಒಂದು ಸಂಜೆ ಹಾಲಸ್ವಾಮಿ ಅಂಗಡಿಯ ಮುಂದೆ ಕಾರ್ಡು ಹಿಡಿದು ಓದುತ್ತಿದ್ದನಂತೆ. ಜೋಡಿ ಮಾರಾಟದ್ದು ಓದು ಎಂದಳಂತೆ ಶಂಕ್ರಮ್ಮ. ಅವನು ಲೆಕ್ಕದ ಯಂತ್ರದ ಕಥೆ ಓದಿದ. ಮರುದಿನ ಹಿಂದಿನ ಸಂದಿಯ ಬಾಯಲ್ಲೇ ಅವಳು ನನ್ನನ್ನು ಹಿಡಿದಳು.

"ಬರ್ರಿ ಮೇಷ್ಟ್ರೆ, ಅಂಗಡಿಗೆ ಬರ್ರಿ."

ಕುರಿಯ ಹಾಗೆ ಹಿಂದೆ ಹೋದೆ. ಗಲ್ಲಾದ ಆಚೆ ನಿಂತು ಕೇಳಿದಳು:

"ಆ ಯಂತ್ರ ನೀವು ನೋಡೀರೇನ್ರಿ?"

"ಇಲ್ಲ."

"ಹಲ್ಲುಪುಡಿ?"

"ನೋಡೀನಿ."

"ಮತ್ತೆ?"

ಕೆಲಸ ಹೋಗುತ್ತದೆ ಎಂದೆ.

"ನಂದೂ ವ್ಯಾಪಾರ ಹೋಗ್ತಾನೇ ಐತೆ. ನನ್ನ ಹೆಸ್ರು ಅಳಿಸಾಕೆ ನೀವು ಯಾರ್ರಿ? ಬರೀರಿ ಅಂದೋಳು ನಾನು. ಅಳಿಸ್ರಿ ಅಂದ್ನೇನು?"

ಅಷ್ಟರಲ್ಲಿ ಕೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು ಬಂದಳು. ತಿಪ್ಪಮ್ಮ ಅಂತ, ಕೆರೆ ಹಿಂದಿನ ಓಣಿಯವಳು. ಎದೆಹಾಲು ಸಾಲದೆ ಡಬ್ಬದ ಹಾಲನ್ನೇ ನೆಚ್ಚಿಕೊಂಡಿದ್ದಳು. ಆಚೆ ಅಂಗಡಿಯಲ್ಲಿ ಹಲ್ಲುಪುಡಿ ಸೇರಿಸಿಕೊಂಡರೇ ಕೊಡುವುದು ಎಂದರಂತೆ, ಕೈಯಲ್ಲಿದ್ದ ದುಡ್ಡು ಒಂದು ಹಾಲಿನ ಡಬ್ಬಕ್ಕಷ್ಟೇ ಇತ್ತು.

"ಇಲ್ಲ ಕಣವ್ವ, ಮುಗಿದೈತೆ. ಸೋಮವಾರ ತರ್ತೀನಿ," ಎಂದಳು ಶಂಕ್ರಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಯಾಕಿಲ್ಲ ಅಂತ ಈಕೀಗೆ ನೀವು ಹೇಳ್ರಿ ಮೇಷ್ಟ್ರೆ. ತಿಳಿಯೋ ಹಂಗೆ ಹೇಳ್ರಿ. ಪಾಠ ಹೇಳೋದು ನಿಮ್ಮ ಕೆಲಸ ಅಲ್ವೇನು?" ಎಂದಳು.

ಕೂಸು ಬೆರಳು ಚೀಪುತ್ತಿತ್ತು. ನಾನು ಹೇಳಿದೆ. ಯಂತ್ರದ ಸುದ್ದಿ ಎತ್ತಲಿಲ್ಲ. ಹಾಲಿನ ಪುಡಿ ಒಬ್ಬನ ಕೈಯಲ್ಲಿದೆ, ಅವನಿಗೆ ಹಲ್ಲುಪುಡಿಯೂ ಮಾರಾಟವಾಗಬೇಕು, ಹಾಗಾಗಿ ಇದನ್ನು ಅದಕ್ಕೆ ಗಂಟುಹಾಕಿದ್ದಾನೆ, ಇವರು ಒಪ್ಪದ್ದಕ್ಕೆ ಇವರಿಗೆ ಕೊಡುತ್ತಿಲ್ಲ ಎಂದೆ.

ತಿಪ್ಪಮ್ಮ ಪೂರ್ತಿ ಕೇಳಿದಳು. "ಅಂದ್ರೆ, ಅವರ ಹಲ್ಲುಪುಡಿ ಖರ್ಚಾಗ್ಲಿ ಅಂತ ನನ್ ಕೂಸು ಹಸ್ಕಂಡಿರ್ಬೇಕೇನ್ರಿ?" ಎಂದಳು.

ಶಂಕ್ರಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೌದೆಂದು ತಲೆಯಾಡಿಸಿದೆ. ತಿಪ್ಪಮ್ಮ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಇಳಿದುಹೋದಳು.

ಮರುದಿನ ಮೊದಲ ಪೀರಿಯಡ್ಡಿನಲ್ಲಿ ಬೋರ್ಡಿನ ಮೇಲೆ 'ಜೋಡಿ ಮಾರಾಟ' ಎಂದು ಬರೆದೆ. ಕೆಳಗೆ ಅರ್ಥ ಬರೆದೆ. ಅದರ ಕೆಳಗೆ ಉದಾಹರಣೆ, ಶಂಕ್ರಮ್ಮನ ಹೆಸರು, ಆಮೇಲೆ ತಿಪ್ಪಮ್ಮ ಆಡಿದ ಮಾತು, ಅಕ್ಷರ ಬಿಡದೆ. ಹುಡುಗರು ಈ ಸಲ ಕೂಗಲಿಲ್ಲ. ಸುಮ್ಮನೆ ಬರೆದುಕೊಂಡರು. ಬೋರ್ಡು ಅಳಿಸದೆ ಹೊರಗೆ ಬಂದೆ. ಆ ವಾರವೇ ಶಂಕ್ರಮ್ಮ ಹೇಳಿದಂತೆ ದೆಹಲಿಯ ಆಯೋಗಕ್ಕೆ ದೂರು ಬರೆದುಕೊಟ್ಟೆ. ಅವಳು ಸಹಿ ಹಾಕಿದಳು, ಕೆಳಗೆ ತಿಪ್ಪಮ್ಮ ಹೆಬ್ಬೆಟ್ಟು ಒತ್ತಿದಳು, ಅದರ ಕೆಳಗೆ ನಾನು.

ಜೂನ್ ಬಂತು. ಆದೇಶ ಬರಲಿಲ್ಲ. ದೆಹಲಿಯಿಂದಲೂ ಆ ಹೊತ್ತಿಗೆ ಉತ್ತರ ಬಂದಿರಲಿಲ್ಲ. ಅಂಗಡಿಗೆ ಹೋಗಿ ಕೆಲಸ ಹೋದ ಸುದ್ದಿ ಹೇಳಿದೆ. ಶಂಕ್ರಮ್ಮ ನನಗೆ ಸಮಾಧಾನ ಹೇಳಿಯಾಳು ಎಂದುಕೊಂಡಿದ್ದೆ.

"ಮೊದಲ್ನೇ ಸಲಾನೇ ಅಳಿಸದೆ ಬಿಟ್ಟಿದ್ರೂ ಇಷ್ಟೇ ಹೋಗ್ತಿತ್ತಲ್ರಿ ಮೇಷ್ಟ್ರೆ," ಎಂದಳು. ಕಡ್ಲೆ ತೂಗುತ್ತಲೇ ಇದ್ದಳು, ನನ್ನ ಕಡೆ ನೋಡಲಿಲ್ಲ.