ಮೋಟ್ರು ಹಾಕಬೇಡಿ ಅಂತ ಬರೆದಿದ್ದೆ

ನನಗೆ ಸಿಟ್ಟು ಬೇಗ ಬರುತ್ತೆ, ಭಯ ಅಷ್ಟು ಬೇಗ ಬರೋದಿಲ್ಲ. ಆದ್ರೆ ಆ ಮಂಗಳವಾರ ಬೆಳಿಗ್ಗೆ ನೆನಪಾದ್ರೆ ಈಗಲೂ ಭಯ ಆಗುತ್ತೆ.

ಕಡೂರಲ್ಲಿ ಬೋರ್‌ವೆಲ್ ಮೋಟ್ರು, ಪೈಪು, ಮೋಟ್ರು ಆನ್ ಮಾಡೋ ಸ್ಟಾರ್ಟರ್ ಡಬ್ಬ ಮಾರೋ ಅಂಗಡಿ ನಮ್ಮದು. ನಮ್ಮದು ಅಂದ್ರೆ ಸಾಹುಕಾರ್ರದು, ನಾನು ಅಲ್ಲಿ ಗಿರಾಕಿಗಳ ಕಂಪ್ಲೇಂಟ್ ನೋಡೋಳು. ಫೋನಲ್ಲಿ ಬಂದ ದೂರಿಗೆ ಉತ್ತರ ಬರೆಯೋದು, ಮೆಕ್ಯಾನಿಕ್ಕನ್ನ ಕಳಿಸೋದು, ಬೈಸ್ಕೊಳ್ಳೋದು, ಇಷ್ಟು ನನ್ನ ಕೆಲಸ. ಮೆಕ್ಯಾನಿಕ್ ಒಬ್ಬನೇ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಅವನೇ ತಿರುಗಬೇಕು.

ಮೊದಲೆಲ್ಲ ಯಾರು ಏನೇ ದೂರು ಕೊಡಲಿ, ಒಂದೇ ಉತ್ತರ ಹೋಗ್ತಿತ್ತು: ‘ನಿಮ್ಮ ದೂರು ಸ್ವೀಕರಿಸಲಾಗಿದೆ. ನಮ್ಮ ಟೀಮ್ ಇಪ್ಪತ್ನಾಲ್ಕು ಗಂಟೆಯೊಳಗೆ ಬರಲಿದೆ.’ ಒಂದಿನ ನಾನು ಸಾಹುಕಾರ್ರ ಹತ್ರ ಜಗಳಕ್ಕೇ ಬಿದ್ದೆ.

“ಟೀಮು ಅಂದ್ರೆ ಯಾರು ಸಾರ್? ನಾನು, ಅವನು, ಅವನ ಗಾಡಿ. ಇಪ್ಪತ್ನಾಲ್ಕು ಗಂಟೆ ಅಂತೀವಿ, ನಾಲ್ಕು ದಿನ ಆಗುತ್ತೆ. ಸುಳ್ಳು ಬರೆದೂ ಬರೆದೂ ನನಗೆ ಸಾಕಾಯ್ತು.”

“ನಿನ್ನಿಷ್ಟ ಬಂದಂಗೆ ಬರ್ಕೊಳಮ್ಮ. ಉಗಿದ್ರೆ ಮಾತ್ರ ನಿನಗೇ ಉಗೀಲಿ,” ಅಂದ್ರು.

ಅವತ್ತಿಂದ ನಾನು ನನ್ನ ಹೆಸರೇ ಹಾಕಿ ಬರೀತಿದ್ದೆ. ಈ ದೂರಿಗೆ ಜವಾಬ್ದಾರಿ ನಾನು, ಇದು ನನ್ನ ನಂಬರು, ಇಂಥ ದಿನ ಆಗುತ್ತೆ, ಅದಕ್ಕಿಂತ ಮೊದಲು ಆಗಲ್ಲ. ಜನ ಬೈಯೋದು ಕಮ್ಮಿ ಆಯ್ತು. ನನಗೂ ಸ್ವಲ್ಪ ಕೊಬ್ಬು ಬಂತು ಅಂತಾನೇ ಇಟ್ಕೊಳ್ಳಿ.

ಆ ಮಂಗಳವಾರ ಹತ್ತು ಗಂಟೆಗೆ ಪಂಚನಹಳ್ಳಿ ಕಡೆಯ ಒಬ್ಬ ಹೆಂಗಸು ವಾಟ್ಸಾಪಲ್ಲಿ ಮಾತಾಡಿ ಕಳಿಸಿದ್ರು. ತೆಂಗಿನ ತೋಟ ನೋಡ್ಕೊಳ್ಳೋರು, ಹೋದ ತಿಂಗಳು ನಮ್ಮಲ್ಲೇ ಹೊಸ ಸ್ಟಾರ್ಟರ್ ಡಬ್ಬ ಹಾಕಿಸ್ಕೊಂಡಿದ್ರು. “ಡಬ್ಬ ಮುಟ್ಟಿದ್ರೆ ಜುಮ್ ಅಂತದೆ ಕಣಮ್ಮ. ಯಾರನ್ನಾರಾ ಕಳ್ಸು.”

ಮೆಕ್ಯಾನಿಕ್ ಅಜ್ಜಂಪುರದಲ್ಲಿ ಕೊಳವೆ ಬಾವಿಯಿಂದ ಮೋಟ್ರು ಎತ್ತಿಸ್ತಾ ಇದ್ದ. ಬುಧವಾರವೂ ಅಲ್ಲೇ. ಲೆಕ್ಕ ಹಾಕಿ ಉತ್ತರ ಬರೆದೆ:

‘ನಿಮ್ಮ ದೂರು ಕೇಳಿದೆ. ಡಬ್ಬ ಹಾಕಿದವರು ನಾವೇ, ಸರಿ ಮಾಡಿಕೊಡೋದೂ ನಾವೇ. ಇದರ ಜವಾಬ್ದಾರಿ ನನ್ನದು. ಮೆಕ್ಯಾನಿಕ್ ಗುರುವಾರ ಮಧ್ಯಾಹ್ನ ಹನ್ನೆರಡರೊಳಗೆ ಬರುತ್ತಾರೆ. ಬುಧವಾರ ಸಂಜೆ ನಾನೇ ಫೋನ್ ಮಾಡಿ ತಿಳಿಸುತ್ತೇನೆ. ಅಲ್ಲಿಯವರೆಗೆ ಮೋಟ್ರು ಹಾಕಬೇಡಿ.’

ಕೆಳಗೆ ನನ್ನ ಹೆಸರು, ನಂಬರು. ಎರಡು ನೀಲಿ ಗೆರೆ ಬಂತು, ಓದಿದ್ರು. ಸಾಹುಕಾರ್ರಿಗೂ ಓದಿ ಹೇಳಿ, ಹೆಂಗೆ ಅನ್ನೋ ಹಾಗೆ ನೋಡಿ, ಚಾ ಕುಡಿದೆ.

ಹನ್ನೊಂದಕ್ಕೆ ಹತ್ತು ನಿಮಿಷ ಇದ್ದಾಗ ಮೆಕ್ಯಾನಿಕ್ ಫೋನ್ ಮಾಡಿದ. ಗುರುವಾರದ ಕೆಲಸ ಹೇಳಿದೆ.

“ಜುಮ್ ಅಂತದಾ? ಫ್ಯೂಸು ಕಿತ್ತಿಡೋಕೆ ಹೇಳಿದ್ಯೇನಕ್ಕಾ?”

“ಮೋಟ್ರು ಹಾಕಬೇಡಿ ಅಂದಿದೀನಿ.”

“ಮೋಟ್ರು ಆಫ್ ಇದ್ರೂ ಡಬ್ಬದ ತನಕ ಕರೆಂಟ್ ಬಂದೇ ಇರ್ತದೆ ಕಣಕ್ಕಾ. ಒಳಗೆ ವೈರು ತಗಡಿಗೆ ತಗುಲಿದ್ರೆ, ಮೋಟ್ರಿಗೆ ಬಿಡೋ ತ್ರೀಫೇಸ್ ಕರೆಂಟ್ ಬಂದ ತಕ್ಷಣ ಡಬ್ಬ ಪೂರ್ತಿ ಕರೆಂಟು. ಇವತ್ತು ಜುಮ್ ಅಂದಿದ್ದು ನಾಳೆ ಒದ್ದೆ ಕೈಗೆ ಹಿಡ್ಕೊಂಡ್ಬಿಡ್ತದೆ. ಆ ಲೈನಿಗೆ ಈ ವಾರ ಮಧ್ಯಾಹ್ನ ಹನ್ನೆರಡಕ್ಕೆ ತ್ರೀಫೇಸು.”

ಯಾ ಅಲ್ಲಾ! ಮೋಟ್ರು ಹಾಕಬೇಡಿ ಅಂದ್ರೆ, ಮೋಟ್ರು ಹಾಕದೇ ಇದ್ರೆ ಏನೂ ಆಗಲ್ಲ ಅಂತ ತಾನೇ ಅರ್ಥ? ಭಯದಲ್ಲಿ ಡಬ್ಬದ ಹತ್ರ ಹೋಗದೇ ಇದ್ದೋರಿಗೆ ನಾನೇ ಧೈರ್ಯ ಕೊಟ್ಟಿದ್ದೆ.

‘ಡಬ್ಬ ಮುಟ್ಟಲೇಬೇಡಿ’ ಅಂತ ಕಳಿಸಿದೆ. ಒಂದೇ ಗೆರೆ, ತಲುಪಲಿಲ್ಲ. ಫೋನ್ ಮಾಡಿದೆ, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂತು. ಮತ್ತೆ ಮಾಡಿದೆ, ಅದೇ. ಕರೆಂಟ್ ಆಫೀಸಿಗೆ ಹಚ್ಚಿದೆ, ಎಂಗೇಜು. ಅದೇ ಊರಿನ ಇನ್ನೊಬ್ಬ ಗಿರಾಕಿಯ ನಂಬರ್ ಹುಡುಕಿ ಮಾಡಿದ್ರೆ ಆ ಮಹಾರಾಯ ಬೀರೂರು ಸಂತೇಲಿ! “ಸಾರ್, ಕರೆಂಟ್ ಆಫೀಸಿಗೆ ನೀವು ಹಚ್ತಾನೇ ಇರಿ, ಸಿಕ್ಕಿದ ತಕ್ಷಣ ಲೈನ್ ತೆಗೆಸಿ,” ಅಂತ ಸಾಹುಕಾರ್ರಿಗೆ ಹೇಳಿ ಸ್ಕೂಟಿ ಹತ್ತಿದೆ. ಅವರು ಬಾಯಿ ಬಿಟ್ಕೊಂಡು ನೋಡ್ತಾನೇ ಇದ್ರು.

ದಾರಿಯುದ್ದಕ್ಕೂ ದುವಾ ಹೇಳಿದೆ, ನಡುನಡುವೆ ನನ್ನನ್ನೇ ಬೈಕೊಂಡೆ. ದುವಾ ಎಲ್ಲಿ ಮುಗೀತು, ಬೈಗುಳ ಎಲ್ಲಿ ಶುರುವಾಯ್ತು, ನನಗೇ ಗೊತ್ತಿಲ್ಲ. ಟೀಮ್ ಬರಲಿದೆ ಅಂತ ಬರೆದಿದ್ರೆ ಆ ಯಮ್ಮ ನಂಬ್ತಿರಲಿಲ್ಲ. ನನ್ನ ಹೆಸರು ನೋಡಿ ನಂಬಿದ್ರು. ಏನಾದ್ರೂ ಆದ್ರೆ ಪೊಲೀಸರು ಆ ಫೋನ್ ತೆಗೆದು ಓದ್ತಾರೆ, ಮಕ್ಕಳು ಓದ್ತಾರೆ, ಅನ್ನೋ ಯೋಚನೆಯೂ ಬಂತು. ಅಂಥ ಹೊತ್ತಲ್ಲಿ ನನ್ನ ಮಾನದ ಚಿಂತೆ! ನಾಚಿಕೆ ಆಯ್ತು, ಗಾಡಿ ಇನ್ನೂ ಜೋರಾಗಿ ಓಡಿಸಿದೆ.

ತೋಟ ಮುಟ್ಟಿದಾಗ ಹನ್ನೆರಡಕ್ಕೆ ಆರು ನಿಮಿಷ. ಗಾಡಿ ನಿಲ್ಲಿಸಲಿಲ್ಲ, ಬೀಳಿಸಿದೆ. ತೆಂಗಿನ ಸಾಲಿನ ಕೊನೇಲಿ ಪಂಪ್ ಶೆಡ್ಡು. ಬಾಗಿಲು ತೆರೆದಿತ್ತು. ಆ ಹೆಂಗಸು ಬರಿಗಾಲಲ್ಲಿ ನಿಂತು, ಬಕೆಟ್ಟಲ್ಲಿ ಬಟ್ಟೆ ಅದ್ದಿ, ಸ್ಟಾರ್ಟರ್ ಡಬ್ಬ ಒರೆಸ್ತಾ ಇದ್ರು.

ಓಡಿ ಹೋಗಿ ಅವರ ರಟ್ಟೆ ಹಿಡಿದು ಹೊರಗೆ ಎಳೆದೆ. ಇಬ್ಬರೂ ಬಿದ್ವಿ, ಬಕೆಟ್ಟೂ ಉರುಳ್ತು.

“ಅಯ್ಯಯ್ಯೋ, ಯಾರಮ್ಮ ನೀನು? ತಲೆಗಿಲೆ ಕೆಟ್ಟೈತಾ?”

ನನ್ನ ಹೆಸರು ಹೇಳಿದೆ. ಅವರ ಮುಖ ಅರಳಿತು. ಅದನ್ನ ನಾನು ಮರೆಯೋಕೆ ಆಗಲ್ಲ.

“ಓ, ನೀವಾ! ನೀವು ಬರ್ದಂಗೇ ಮಾಡಿದೀನಿ ಕಣಮ್ಮ. ಮೋಟ್ರು ಹಾಕೇ ಇಲ್ಲ. ಮೆಕ್ಯಾನಿಕ್ಕು ಬತ್ತಾನೆ ಅಂದಿದ್ರಲ್ಲ, ಡಬ್ಬದ ಮೇಲೆಲ್ಲ ಜೇಡನ ಬಲೆ, ಧೂಳು. ಬಂದೋರಿಗೆ ಅಸಯ್ಯ ಆಗ್ಬಾರ್ದು ಅಂತ ಒರೆಸ್ತಿದ್ದೆ.”

ಅಷ್ಟು ಹೇಳೋ ಹೊತ್ತಿಗೆ ಶೆಡ್ಡೊಳಗೆ ಡಬ್ಬದ ಮೇಲಿನ ಕೆಂಪು, ಹಳದಿ, ನೀಲಿ ದೀಪ ಮೂರೂ ಹತ್ತಿದ್ವು. ತ್ರೀಫೇಸ್ ಬಂತು. ಒರೆಸಿದ ನೀರು ಡಬ್ಬದಿಂದ ಇನ್ನೂ ತೊಟ್ಟಿಕ್ತಾ ಇತ್ತು. ಅವರೇ ನನ್ನ ಕೈ ಹಿಡಿದು ಎಬ್ಬಿಸಿದ್ರು.

ಇಬ್ಬರೂ ಒಳಗೆ ಹೋಗಲಿಲ್ಲ. ಸಾಹುಕಾರ್ರ ಫೋನು ಕೊನೆಗೂ ಕರೆಂಟ್ ಆಫೀಸಿಗೆ ಮುಟ್ಟಿತ್ತಂತೆ, ಲೈನ್‌ಮ್ಯಾನ್ ಬಂದು ಟ್ರಾನ್ಸ್‌ಫಾರ್ಮರ್ ಹತ್ರ ಕರೆಂಟ್ ತೆಗೆದ, ಆಮೇಲೆ ಶೆಡ್ಡಿನ ಫ್ಯೂಸು ಮೂರೂ ಕಿತ್ತು ಆ ಯಮ್ಮನ ಕೈಗೇ ಕೊಟ್ಟ. ಅಲ್ಲಿವರೆಗೂ ನಾವು ತೆಂಗಿನ ಬುಡದಲ್ಲಿ ಕೂತಿದ್ವಿ. ಅವರು ಎಳನೀರು ಕೊಚ್ಚಿ ಕೊಟ್ರು, ನಾನು ಹಾಗೇ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ತಪ್ಪು ನನ್ನದು, ಅರ್ಧ ಮಾತು ಬರೆದೆ, ಅಂತ ಅಲ್ಲೇ ಹೇಳಿದೆ. ಹೇಳ್ತಾ ಅತ್ತೂಬಿಟ್ಟೆ.

“ಬಿಡಮ್ಮ, ಬಂದ್ಯಲ್ಲ,” ಅಂದ್ರು. ಬೈದಿದ್ರೆ ವಾಸಿ ಇತ್ತು.

ಗುರುವಾರ ಮೆಕ್ಯಾನಿಕ್ ಬರೋದು ಒಂದೂವರೆ ಆಯ್ತು. ತಡ ಆಗುತ್ತೆ ಅಂತ ಹನ್ನೊಂದಕ್ಕೇ ಹೇಳಿದ್ದೆ. ವೈರು ಒಳಗೆ ಹೋಗೋ ತೂತಲ್ಲಿ ರಬ್ಬರ್ ಹಾಕಿರಲಿಲ್ಲ, ತಗಡಿನ ಅಂಚು ವೈರನ್ನ ಕೊಯ್ದಿತ್ತು. ಅರ್ಥಿಂಗ್ ವೈರೂ ಸಡಿಲ. ಎರಡೂ ನಮ್ಮ ಕಡೆಯದೇ ತಪ್ಪು. ಸರಿ ಮಾಡಿದ. ನಾನೂ ಹೋಗಿದ್ದೆ, ಕೆಲಸ ಏನೂ ಇರಲಿಲ್ಲ ನನಗೆ.

ಶೆಡ್ಡಿನ ಬಾಗಿಲಿಗೆ ಹೋದೆ. ಮಂಗಳವಾರ ನಾನು ಎಳೆದು ಬೀಳಿಸಿದಾಗ ಒರೆಸೋದು ಅರ್ಧಕ್ಕೇ ನಿಂತಿತ್ತಲ್ಲ, ಡಬ್ಬದ ಅರ್ಧ ಭಾಗ ಥಳಥಳ ಅಂತಿತ್ತು, ಇನ್ನರ್ಧ ಧೂಳು ಹಾಗೇ ಇತ್ತು. ನಡುವೆ ಆ ಯಮ್ಮನ ಒದ್ದೆ ಕೈಯ ಐದು ಬೆರಳಿನ ಗುರುತು.