ತೂತು ಬೀಳುವ ಅಕ್ಷರ

ಮಧ್ಯಾಹ್ನ ಎರಡು ಗಂಟೆಯ ಬ್ಯಾಚಿನಲ್ಲಿ ನಾವು ಹತ್ತು ಮಂದಿ. ಒಂಬತ್ತು ಮಂದಿ ಕಾಲೇಜು ಮುಗಿಸಿದ ಅಥವಾ ಕಾಲೇಜೇ ಕೈಬಿಟ್ಟ ಹುಡುಗಿಯರು, ಹತ್ತನೆಯವಳು ನಾನು. ಹಂಪನಕಟ್ಟೆಯ ಒಂದು ಹಳೆಯ ಕಟ್ಟಡದಲ್ಲಿ ಕೆಳಗೆ ಹೋಟೆಲು, ಮೇಲೆ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟು. ಕೆಳಗಿನಿಂದ ಗೋಳಿಬಜೆಯ ವಾಸನೆ ಮೇಲೆ ಬರುತ್ತಿತ್ತು, ಮೇಲಿನಿಂದ ಟಕಟಕ ಸದ್ದು ಕೆಳಗೆ ಹೋಗುತ್ತಿತ್ತು. ಇಬ್ಬರಿಗೂ ಲಾಭವಿರಲಿಲ್ಲ.

ಮಾಸ್ಟ್ರಿಗೆ ಇಪ್ಪತ್ತೆಂಟು ಇರಬಹುದು. ಕೈಯಲ್ಲಿ ಸದಾ ಒಂದು ಮರದ ಸ್ಕೇಲು. ಸೇರುವ ದಿನ ಅವರು ಫಾರಂ ತೆಗೆದಿಟ್ಟು ಬಹಳ ಮರ್ಯಾದೆಯಿಂದ ಕೇಳಿದರು, "ಮಗಳಿಗೆ ಎಷ್ಟು ವಯಸ್ಸು?"

"ಒಂಬತ್ತು."

"ಒಂಬತ್ತಕ್ಕೆ ತೆಗೊಳ್ಳುವುದಿಲ್ಲ ಅಮ್ಮ. ಬೆರಳು ಎಟಕುವುದಿಲ್ಲ."

"ಅವಳು ಶಾಲೆಯಲ್ಲಿದ್ದಾಳೆ. ಸೇರುವುದು ನಾನು."

ಅವರು ಫಾರಂ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫಾರಂ ನೋಡಿದರು. ಅದರಲ್ಲಿ ವಯಸ್ಸು ಬರೆಯುವ ಜಾಗ ಸಣ್ಣದೇನೂ ಇರಲಿಲ್ಲ, ಆದರೂ ಅವರಿಗೆ ಸಾಲಲಿಲ್ಲ ಎಂದು ಕಾಣುತ್ತದೆ, ಖಾಲಿ ಬಿಟ್ಟರು.

ಹಾಗೆಂದು ನಾನು ಹೊಸಬಳೇನೂ ಅಲ್ಲ. ಮದುವೆಗೆ ಮೊದಲೇ ನದಿ ಬದಿಯ ಒಂದು ಹಂಚಿನ ಕಾರ್ಖಾನೆಯ ಆಫೀಸಿಗೆ ಸೇರಿ ನಾಲ್ಕು ವರ್ಷ ಟೈಪಿಸ್ಟ್ ಆಗಿದ್ದವಳು. ಜೂನಿಯರ್ ಪರೀಕ್ಷೆ ಪಾಸು. ದೊಡ್ಡ ಮಗ ಹೊಟ್ಟೆಯಲ್ಲಿದ್ದಾಗ ಕೆಲಸ ಬಿಟ್ಟೆ, ಹದಿಮೂರು ವರ್ಷ ಹೇಗೆ ಹೋಯಿತೆಂದು ಈಗ ಕೇಳಿದರೆ ಸಾರು ಕುದಿಸಿದ್ದು ಮಾತ್ರ ನೆನಪಾಗುತ್ತದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲಕ್ಕೆ ಬಂದರಿನ ಒಬ್ಬ ಗೇರುಬೀಜದ ಧಣಿಗೆ ಟೈಪಿಸ್ಟ್ ಬೇಕಿತ್ತು. ನನ್ನ ಗಂಡ ವಿಮೆಯ ಕೆಲಸದ ಮೇಲೆ ಅವರ ಮಂಡಿಗೆ ಹೋಗುತ್ತಿದ್ದವರು, ಮಾತಿನ ನಡುವೆ ನನ್ನ ವಿಷಯ ಹಾಕಿದರು. ಧಣಿ ಹೇಳಿದ್ದು ಇಷ್ಟೇ: "ಸೀನಿಯರ್ ಸರ್ಟಿಫಿಕೇಟ್ ತರಲಿ. ಬರುವ ರಿಸಲ್ಟಿನವರೆಗೆ ಕುರ್ಚಿ ಖಾಲಿ ಇಡ್ತೇನೆ. ಅದರ ಮೇಲೆ ಕಾಯ್ಲಿಕ್ಕೆ ಆಗುವುದಿಲ್ಲ."

ಅಂದರೆ ನನಗೆ ಒಂದೇ ಪರೀಕ್ಷೆ. ಪಾಸಾದರೆ ಕುರ್ಚಿ, ಇಲ್ಲದಿದ್ದರೆ ಸಾರು.

ಗಂಡ ತುಂಬಾ ಪ್ರೋತ್ಸಾಹದ ಮನುಷ್ಯ. ಗುಟ್ಟಾಗಿ ಕಲಿಯುವ ಎಂದು ನಾನು ಹೇಳಿದರೆ, ಮರುದಿನವೇ ಕಾವೂರಿನ ಅಕ್ಕನಿಂದ ಫಳ್ನೀರಿನ ಭಾವನವರೆಗೆ ಎಲ್ಲರಿಗೂ ಸುದ್ದಿ ಮುಟ್ಟಿಸಿ ಬಂದರು. "ಈಗ ಫೇಲಾಗ್ಲಿಕ್ಕೆ ಧೈರ್ಯ ಬರುವುದಿಲ್ಲ ನೋಡು ಮಾರಾಯ್ತಿ" ಎಂದು ಅದಕ್ಕೊಂದು ಸಮರ್ಥನೆ ಬೇರೆ. ಮಿನಿಟಿಗೆ ಎಷ್ಟು ಶಬ್ದ ಹೊಡೆಯುತ್ತೀ ಎಂದು ತರಕಾರಿಯವಳೂ ಕೇಳುವ ಹಾಗಾಯಿತು.

ಮೊದಲ ವೈರಿ ನಿದ್ದೆ. ಹದಿಮೂರು ವರ್ಷ ಊಟವಾದ ಮೇಲೆ ಎರಡರಿಂದ ಮೂರರವರೆಗೆ ಚಾಪೆಗೆ ಒಪ್ಪಿಸಿದ್ದ ದೇಹ, ಅದೇ ಹೊತ್ತಿಗೆ ಮೆಷಿನ್ನಿನ ಮುಂದೆ ಕೂತರೆ ಒಪ್ಪುತ್ತದೆಯೇ. ಎರಡನೇ ವಾರದಲ್ಲಿ ಒಂದು ದಿನ ತಲೆ ಮುಂದೆ ವಾಲಿ ಹಣೆ ಕೀಲಿಗಳ ಮೇಲೆ ಬಿತ್ತು. ಆರೇಳು ಅಕ್ಷರಗಳ ಕಡ್ಡಿಗಳು ಒಟ್ಟಿಗೆ ಎದ್ದು ಒಂದಕ್ಕೊಂದು ಸಿಕ್ಕಿಕೊಂಡವು. ಪಕ್ಕದ ಹುಡುಗಿ ಅವುಗಳನ್ನು ಬಿಡಿಸುತ್ತಾ, "ಅಕ್ಕ, ಸ್ಪೀಡ್ ಜಾಸ್ತಿ ಆಯ್ತು ನಿಮ್ಮದು" ಎಂದಳು. ಆಮೇಲೆ ಮನೆಯಲ್ಲಿ ಗಂಜಿ ಕಡಿಮೆ ಮಾಡಿದೆ. ಹದಿನೈದು ದಿನ ಕಳೆದ ಮೇಲೆ ದೇಹಕ್ಕೆ ಗೊತ್ತಾಯಿತು, ಇವಳು ಬಿಡುವುದಿಲ್ಲ ಎಂದು.

ಎರಡನೇ ವೈರಿಯನ್ನು ಕಂಡುಹಿಡಿದದ್ದು ನನ್ನ ಅತ್ತೆ.

ಅತ್ತೆಗೆ ಇಂಗ್ಲಿಷ್ ಬಾರದು. ಆದರೆ ಮನೆಗೆ ಬರುವ ಯಾವ ಕಾಗದವನ್ನೂ ಅವರು ಪರೀಕ್ಷಿಸದೆ ಬಿಟ್ಟವರಲ್ಲ. ನಾನು ತಂದ ಹಾಳೆಯನ್ನು ಅಂಗಳದ ಬೆಳಕಿಗೆ ಹಿಡಿದು ಅವರು ಹೇಳಿದರು, "ನಿನ್ನ ಪಾಠದೊಳಗಿಂದ ನನಗೆ ತೆಂಗಿನ ಮರ ಕಾಣ್ತದೆ."

ನೋಡಿದರೆ ಹೌದು. ಹಾಳೆಯ ತುಂಬ ಸಣ್ಣ ಸಣ್ಣ ತೂತುಗಳು. ಎಲ್ಲವೂ ಒಂದೇ ಅಕ್ಷರದ್ದು, ಇಂಗ್ಲಿಷಿನ 'ಇ'. ಇಂಗ್ಲಿಷಿನವರಿಗೆ ಆ ಅಕ್ಷರದ ಮೇಲೆ ಎಂಥ ಮೋಹವೋ, ಎರಡು ಶಬ್ದಕ್ಕೊಮ್ಮೆ ಬರುತ್ತದೆ. ಹಾಗಾಗಿ ಹಾಳೆ ಜರಡಿಯಾಗಿತ್ತು.

ಮಾಸ್ಟ್ರು ಸ್ಕೇಲಿನ ತುದಿಯಿಂದ ತೂತನ್ನು ತೋರಿಸಿ, "ಈ ಅಕ್ಷರ ನಿಮಗೆ ಎಂತ ಮಾಡಿದೆ ಅಮ್ಮ?" ಎಂದರು.

ಯೋಚಿಸಿದಾಗ ಕಾರಣ ಹೊಳೆಯಿತು. ಹಂಚಿನ ಕಾರ್ಖಾನೆಯಲ್ಲಿ ಕೆಂಪು ಧೂಳು ಎಲ್ಲಿ ನುಗ್ಗುತ್ತಿತ್ತು ಎಂದಿಲ್ಲ. ನನ್ನ ಮೆಷಿನ್ನಿನಲ್ಲಿ 'ಇ' ಕಡ್ಡಿಯ ಸಂದಿಗೆ ಧೂಳೂ ಎಣ್ಣೆಯೂ ಸೇರಿ ಅಂಟಿಕೊಂಡು, ಮೆಲ್ಲನೆ ಒತ್ತಿದರೆ ಅದು ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು. ಎಡಗೈಯ ನಡುಬೆರಳಿನಿಂದ ಗುದ್ದಿದರೆ ಮಾತ್ರ ಕಾಗದ ಮುಟ್ಟುತ್ತಿತ್ತು. ನಾಲ್ಕು ವರ್ಷ ಗುದ್ದಿದ್ದೆ. ಆ ಮೆಷಿನ್ ಗುಜರಿಗೆ ಹೋಗಿ ಯಾವ ಕಾಲವಾಯಿತೋ. ಆದರೆ ಅದರ ರೋಗ ನನ್ನ ಬೆರಳಿನಲ್ಲಿ ಜೋಪಾನವಾಗಿ ಉಳಿದಿತ್ತು. ಕಲಿತದ್ದರಲ್ಲಿ ಸ್ಪೀಡ್ ಹೋಗಿತ್ತು, ನಂಬರು ಹೊಡೆಯುವುದು ಹೋಗಿತ್ತು, ಈ ಒಂದು ಕೆಟ್ಟ ಚಾಳಿ ಮಾತ್ರ ಹೊಸದರ ಹಾಗೆ ಇತ್ತು.

"ಪರೀಕ್ಷೆಯಲ್ಲಿ ಹೀಗೆ ತೂತು ಬಿದ್ದರೆ ಪೇಪರ್ ನೋಡುವವರಿಗೆ ಸಿಟ್ಟು ಬರ್ತದೆ" ಎಂದರು ಮಾಸ್ಟ್ರು. "ಅಲ್ಲದೆ ಒಂದು ಬೆರಳು ಗುದ್ದುವಷ್ಟರಲ್ಲಿ ಉಳಿದ ಬೆರಳುಗಳು ಕಾಯಬೇಕು. ನಿಮ್ಮ ಸ್ಪೀಡ್ ಏರದ್ದು ಅದಕ್ಕೇ."

ಅವರ ಮದ್ದು ಸರಳವಾಗಿತ್ತು. ಕಾರ್ಬನ್ ಪ್ರತಿಗೆ ಹಾಕುವ ತೆಳ್ಳಗಿನ ಕಾಗದ ಕೊಟ್ಟು, ಅದರ ಮೇಲೆ ಎಷ್ಟು ನಿಧಾನವಾದರೂ ಸರಿ, ಒಂದೇ ತೂಕದಲ್ಲಿ ಹೊಡೆಯಬೇಕು ಎಂದರು. ಅವರು ಸ್ಕೇಲಿನಿಂದ ಮೇಜಿಗೆ ತಾಳ ಹಾಕುವುದು, ನಾನು ಒಂದು ತಾಳಕ್ಕೆ ಒಂದು ಅಕ್ಷರ ಹೊಡೆಯುವುದು. ಹುಡುಗಿಯರು ಪುಟದ ಮೇಲೆ ಪುಟ ಮುಗಿಸುವಾಗ ನಾನು ಮೂವತ್ತೇಳರ ವಯಸ್ಸಿನಲ್ಲಿ ಮದುಮಗಳ ದಿಬ್ಬಣದ ಹಾಗೆ ನಡೆಯುತ್ತಿದ್ದೆ. ಮನೆಗೆ ಬಂದು ಎರಡು ಸಲ ಅತ್ತೆ ಕಾಣದ ಹಾಗೆ ಅತ್ತಿದ್ದೇನೆ. ಮೂರನೇ ಸಲ ಅವರೇ ನೋಡಿ, "ಈರುಳ್ಳಿ ಇಲ್ಲದೆ ಎಂತದು?" ಎಂದು ಕೇಳಿದರು. ನಗು ಬಂತು. ಅಲ್ಲಿಗೆ ಅಳುವುದು ಬಿಟ್ಟೆ.

ಮನೆಯಲ್ಲಿ ಮೆಷಿನ್ ಇಲ್ಲವಲ್ಲ. ಅದಕ್ಕೆ ಅಕ್ಕಿ ಆರಿಸುವಾಗ ಗೆರಸೆಯ ಮೇಲೆ, ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಯ ಮೇಲೆ, ಎಲ್ಲಿ ಕೂತರೂ ಬೆರಳು ಮೆಲ್ಲನೆ ಆಡಿಸುತ್ತಿದ್ದೆ. ಇದನ್ನು ಗಮನಿಸಿದವರು ಪಕ್ಕದ ಮನೆಯ ಬಾಯಮ್ಮ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸು, ದೊಡ್ಡ ಮನಸ್ಸು, ಮಗಳು ಗಲ್ಫಿನಲ್ಲಿ ನರ್ಸ್. ಮಗಳು ನರ್ಸ್ ಆದ್ದರಿಂದ ತಾಯಿ ಡಾಕ್ಟರ್. ಅವರು ಅತ್ತೆಯನ್ನು ಬೇಲಿಯ ಹತ್ತಿರ ಕರೆದು, "ನಿಮ್ಮ ಸೊಸೆಗೆ ಕೈ ನಡುಗ್ತದೆ, ನಾನು ಎಂಟು ದಿನದಿಂದ ನೋಡ್ತಾ ಇದ್ದೇನೆ. ಹೀಗೇ ಬಿಟ್ಟರೆ ಕುತ್ತಿಗೆಗೆ ಏರ್ತದೆ" ಎಂದರು.

ಅತ್ತೆ ಸಮಾಧಾನವಾಗಿ ಹೇಳಿದರು, "ಅದು ನಡುಕ ಅಲ್ಲ ಬಾಯಮ್ಮ, ಪಾಠ."

ಬಾಯಮ್ಮನಿಗೆ ನಂಬಿಕೆ ಬರಲಿಲ್ಲ. ಆದರೆ ನನ್ನ ತೂತಿನ ಹಾಳೆಗಳನ್ನೆಲ್ಲ ಕೇಳಿ ತೆಗೆದುಕೊಂಡು ಹೋಗಿ, ಬಣ್ಣ ಬಳಿದು, ಆ ಸಲದ ಕ್ರಿಸ್ಮಸ್ಸಿಗೆ ಬಾಲಯೇಸುವಿನ ಗೋದಲಿಯ ಹಿಂದೆ ಆಕಾಶವಾಗಿ ಕಟ್ಟಿದರು. ಹಿಂದೆ ಬಲ್ಬು ಹಾಕಿದಾಗ ಸಾವಿರ ನಕ್ಷತ್ರ. ನನ್ನ ವಿದ್ಯೆಗೆ ಸಿಕ್ಕಿದ ಮೊದಲ ಮರ್ಯಾದೆ ಅದು. ಜನವರಿಯಲ್ಲಿ ಇನ್ನಷ್ಟು ಬೇಕೆಂದು ಅವರು ಕೇಳಿದಾಗ ಕೊಡಲು ನನ್ನ ಹತ್ತಿರ ಇರಲಿಲ್ಲ. ಬೆರಳು ಮೆತ್ತಗಾಗಿತ್ತು. ಸ್ಪೀಡೂ ತಾನಾಗಿ ಏರಿತ್ತು. ಗುದ್ದುವುದು ನಿಂತ ಮೇಲೆ ಉಳಿದ ಬೆರಳುಗಳಿಗೆ ಕಾಯುವ ಕೆಲಸ ತಪ್ಪಿತು.

ಆಗಿನ ಪರೀಕ್ಷೆಯಲ್ಲಿ ಮೆಷಿನ್ನನ್ನು ನಾವೇ ಒಯ್ಯಬೇಕು. ಪರೀಕ್ಷೆಯ ಬೆಳಿಗ್ಗೆ ಇನ್‌ಸ್ಟಿಟ್ಯೂಟಿನ ಮೆಷಿನ್ನುಗಳನ್ನೆಲ್ಲ ಗೋಣಿ ಹಾಸಿ ಕೈಗಾಡಿಯಲ್ಲಿಟ್ಟು ಹಗ್ಗ ಕಟ್ಟಿ, ಏರು ದಾರಿಯಲ್ಲಿ ಪರೀಕ್ಷೆ ನಡೆಯುವ ಶಾಲೆಗೆ ತಳ್ಳಿಸಿದರು. ನಾವು ಹಿಂದೆ ಹಿಂದೆ ಮೆರವಣಿಗೆ. ತಿರುವಿನಲ್ಲಿ ಹಗ್ಗ ಸಡಿಲವಾಗಿ ಒಂದೇ ಒಂದು ಮೆಷಿನ್ ಜಾರಿ ಬಿತ್ತು. ಐದು ತಿಂಗಳು ನಾನು ಸ್ನೇಹ ಮಾಡಿಕೊಂಡ ಮೆಷಿನ್ನು. ಎತ್ತಿ ನೋಡಿದರೆ ರೋಲರನ್ನು ಎಳೆಯುವ ಪಟ್ಟಿ ತುಂಡಾಗಿದೆ, ರೋಲರ್ ಇದ್ದಲ್ಲಿಂದ ಅಲ್ಲಾಡುವುದಿಲ್ಲ.

ಮಾಸ್ಟ್ರ ಮುಖ ನನಗಿಂತ ಬಿಳಿಚಿತ್ತು. "ಸ್ಪೇರ್ ಒಂದು ತಂದಿದ್ದೇನೆ ಅಮ್ಮ. ಸ್ವಲ್ಪ ಹಳೆಯದು. ಗಾಬರಿ ಮಾಡ್ಬೇಡಿ."

ಶಾಲೆಯ ಬೆಂಚಿನ ಮೇಲಿಟ್ಟು ಒಂದು ಸಾಲು ಹೊಡೆದು ನೋಡಿದೆ. ಎಲ್ಲವೂ ಸರಿ, ಒಂದು ಅಕ್ಷರದ ಹೊರತು. ಮೆತ್ತಗೆ ಒತ್ತಿದರೆ ಅದು ಅರ್ಧ ದಾರಿಯಲ್ಲಿ ನಿಂತು ಮುಂದಿನ ಅಕ್ಷರದ ಕಡ್ಡಿಯನ್ನು ತಬ್ಬಿಕೊಳ್ಳುತ್ತಿತ್ತು. ಯಾವ ಅಕ್ಷರವೆಂದು ಹೇಳಬೇಕಾಗಿಲ್ಲ.

ನಾನು ಮಾಸ್ಟ್ರನ್ನು ನೋಡಿದೆ. ಅವರು ಕಿಟಕಿಯ ಹೊರಗೆ ನಿಂತಿದ್ದರು, ಪರೀಕ್ಷೆಯ ಹೊತ್ತಿಗೆ ಒಳಗೆ ಬರುವ ಹಾಗಿಲ್ಲ. ಎಡಗೈಯ ನಡುಬೆರಳನ್ನು ಅವರಿಗೆ ತೋರಿಸಿದೆ. ಐದು ತಿಂಗಳು ತಾಳ ಹಾಕಿದ ಮನುಷ್ಯ ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿ, ಕೈಯಲ್ಲಿ ಗುದ್ದಿ ತೋರಿಸಿದರು.

ಗಂಟೆ ಹೊಡೆಯಿತು. ಗುದ್ದಿದೆ. ಆದರೆ ಹಳೆಯ ಗುದ್ದು ಅಲ್ಲ ಅದು. ಈಗ ಬೆರಳಿಗೆ ಎಷ್ಟು ಗುದ್ದಬೇಕೆಂಬ ಲೆಕ್ಕ ಗೊತ್ತಿತ್ತು, ಬೇರೆ ಬೆರಳುಗಳನ್ನು ಕಾಯಿಸದೆ ಗುದ್ದಲೂ ಗೊತ್ತಿತ್ತು. ಸ್ಪೀಡ್ ಪರೀಕ್ಷೆಯ ಹತ್ತು ನಿಮಿಷ ಮುಗಿದಾಗ ಕೊನೆಯ ಸಾಲಿನ ಕೊನೆಯ ಶಬ್ದದಲ್ಲಿದ್ದೆ. ಹಾಳೆ ತೆಗೆದು ಬೆಳಕಿಗೆ ಹಿಡಿದು ನೋಡುವ ಮನಸ್ಸಾಯಿತು. ಮೇಲ್ವಿಚಾರಕರು ಕಸಿದುಕೊಂಡರು.

ರಿಸಲ್ಟ್ ಬಂದದ್ದು ಮಳೆಗಾಲಕ್ಕೆ. ಸೆಕೆಂಡ್ ಕ್ಲಾಸಿನಲ್ಲಿ ಪಾಸು. ಗಂಡ ಅದೇ ಸಂಜೆ ಕಾವೂರಿಗೂ ಫಳ್ನೀರಿಗೂ ಹೋಗಿ ಬಂದರು, ಕ್ಲಾಸು ಮಾತ್ರ ಹೇಳಲಿಲ್ಲವಂತೆ.

ಬಂದರಿನ ಮಂಡಿಗೆ ಹೋದೆ. ಕುರ್ಚಿ ಖಾಲಿ ಇತ್ತು, ಅದರ ಮೇಲೆ ಗೇರುಬೀಜದ ಸ್ಯಾಂಪಲ್ ಚೀಲ ಕೂತಿತ್ತು. ಧಣಿ ಸರ್ಟಿಫಿಕೇಟನ್ನು ಒಂದು ಕಣ್ಣಿನಿಂದ ನೋಡಿ, ಚೀಲ ಕೆಳಗಿಳಿಸಿ, "ನೇಮಕದ ಪತ್ರ ಕೊಡಬೇಕಲ್ಲ. ಟೈಪ್ ಮಾಡುವವರು ಯಾರೂ ಇಲ್ಲ. ನೀವೇ ಮಾಡಿ, ನಾನು ಸಹಿ ಹಾಕ್ತೇನೆ" ಎಂದರು. ಹಾಗೆ ನನಗೆ ನಾನೇ ಕೆಲಸ ಕೊಟ್ಟುಕೊಂಡೆ.

ಸಂಜೆ ಆ ಪತ್ರವನ್ನು ಅತ್ತೆಯ ಕೈಯಲ್ಲಿಟ್ಟೆ. ಅವರು ಅಂಗಳಕ್ಕೆ ಹೋಗಿ, ಮೋಡದ ನಡುವೆ ಇದ್ದಷ್ಟು ಬೆಳಕಿಗೆ ಅದನ್ನು ಹಿಡಿದು, ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಒಂದು ತೂತು ಉಂಟು" ಎಂದು ಹೇಳಿ, ಮಡಚಿ, ದೇವರ ಕೋಣೆಯಲ್ಲಿ ಇಟ್ಟರು.